ಸಲುಗೆಯ ಸಂದೇಶ

"ಅವಳಿಗೀಗ ಏನಂತ ಬರೀಲಪ್ಪಾ?" ಆಸ್ಪತ್ರೆಯ ದಾಸ್ತಾನು ಗುಮಾಸ್ತೆ ಖಾಲಿ ಕೋಣೆಯಲ್ಲಿ ಕೇಳಿದಳು.

ಮುಖ್ಯ ವೈದ್ಯರಿಗಾದರೆ 'ಮಾನ್ಯರೇ', ಬೇರೆ ವಿಭಾಗದವರಿಗೆ 'ನಮಸ್ಕಾರ, ಪಟ್ಟಿ ಕಳುಹಿಸಿ'. ಹದಿನೈದು ವರ್ಷಗಳಿಂದ ಗೆಳತಿಯಾಗಿದ್ದವಳು ಮೇಲಧಿಕಾರಿಯಾದಾಗ ಇವಳು 'ಮೇಡಂ' ಎಂದೇ ಬರೆದಿದ್ದಳು. ಆಕೆ ನಕ್ಕು, "ನಂಗೂ ಮೇಡಮ್ಮಾ? ಮೊದಲಿನ ಹಾಗೇ ಬರಿಯೇ!" ಎಂದಿದ್ದಳು. ಅದನ್ನು ನಂಬಿ ಇವಳು, 'ಲೇ, ಕೈಗವಸು ಮುಗೀತಾ ಬಂತು, ಬೇಗ ಸಹಿ ಹಾಕೇ' ಎಂದು ಬರೆದಳು.

ಗೆಳತಿ ಸಹಿ ಹಾಕಲಿಲ್ಲ, ಕೈಗವಸು ಬರಲಿಲ್ಲ. ಕೈಗವಸು ಯಾಕೆ ಮುಗಿಯಿತೆಂಬ ವಿಚಾರಣೆಯಲ್ಲಿ ಆಕೆ ಮುಖ್ಯ ವೈದ್ಯರಿಗೆ ಅದೇ ಸಂದೇಶ ತೋರಿಸಿ, "ಹೀಗೆ ಬರೆದ್ರೆ ತಮಾಷೆ ಅಂದ್ಕೊಂಡೆ ಸರ್" ಎಂದುಬಿಟ್ಟಳು. ಎಚ್ಚರಿಕೆ ಪತ್ರ ಬಂದದ್ದು ಇವಳಿಗೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಆ ಗೆಳತಿಗೇ.

ಅಷ್ಟರಲ್ಲಿ ಗೆಳತಿಯೇ ಬಾಗಿಲಿಗೆ ಬಂದಳು. "ಬೇಜಾರಾಯ್ತೇನೇ? ತಪ್ಪು ನಿಂದೇ ಅಂತ ಎರಡು ಸಾಲು ಬರೆದುಕೊಡು, ಮುಗಿಸಿಬಿಡ್ತೀನಿ."

"ಬರೆದುಕೊಡಲ್ಲ," ಎಂದಳು ಇವಳು.