ಎರಡೂವರೆ ಗಂಟೆಯ ಮುನ್ನುಡಿ

ನಮ್ಮ ಶಾಲೆಯ ಸಾಹಿತ್ಯೋತ್ಸವ ಮುಗಿದ ಮೇಲೆ ಉಳಿದದ್ದು ಎರಡು: ಬಾಡಿದ ಹಾರಗಳು ಮತ್ತು ಪೇಪರಿನಲ್ಲಿ ಸುದ್ದಿ ಬರಬೇಕೆಂಬ ಮುಖ್ಯೋಪಾಧ್ಯಾಯರ ಚಿಂತೆ. ಸಂಜೆಯೊಳಗೆ ವರದಿ ಹೋಗಲೇಬೇಕು ಎಂದು ಅವರು ನನ್ನ ತಲೆ ತಿಂದರು. ಕನ್ನಡ ಮೇಷ್ಟ್ರಾದ ನಾನು ಆ ಕೆಲಸವನ್ನು ಒಂಬತ್ತನೇ ತರಗತಿಯ ಹುಡುಗಿಗೆ ವಹಿಸಿದೆ. ವರದಿ ಬರೆಯುವ ಸ್ಪರ್ಧೆಯಲ್ಲಿ ಗೆದ್ದವಳು. ಬಾಯಿ ಸ್ವಲ್ಪ ಖಾರವಾದ್ದರಿಂದ ಎಲ್ಲರೂ ಅವಳನ್ನು ಮೆಣಸು ಎನ್ನುತ್ತಿದ್ದರು.

ಕಥಾಸ್ಪರ್ಧೆಯಲ್ಲೂ ಮೊದಲ ಬಹುಮಾನ ಅವಳದೇ. ಗೆದ್ದ ಮಕ್ಕಳು ವೇದಿಕೆಯಲ್ಲಿ ತಮ್ಮ ಕಥೆ ಓದಬೇಕಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳ ಅಮ್ಮ ಪಾಳಿ ಬದಲಿಸಿಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಆದರೆ ಮುಖ್ಯ ಅತಿಥಿ ಮೈಕು ಹಿಡಿದವರು ಬಿಡಲೇ ಇಲ್ಲ. 'ದೊಡ್ಡವರು ಮಕ್ಕಳ ಮಾತಿಗೆ ಕಿವಿಗೊಡಬೇಕು' ಎಂಬುದನ್ನು ಎರಡೂವರೆ ಗಂಟೆ ವಿವರಿಸಿದರು, ನಡುನಡುವೆ ತಮ್ಮದೇ ಕವನಗಳನ್ನೂ ಓದಿದರು. ಅಷ್ಟರಲ್ಲಿ ಶಾಲೆಯ ಬಸ್ಸುಗಳು ಹೊರಡುವ ಹೊತ್ತಾಯಿತು. ಮೆಣಸು ಕಥೆಯ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಗೆ ಅವಳು ತಂದ ಮೊದಲ ಪ್ರತಿಯ ಶೀರ್ಷಿಕೆ, 'ಗೆದ್ದ ಕಥೆಗಳಿಗೆ ವೇದಿಕೆ ಸಿಗಲಿಲ್ಲ.' ಅದನ್ನು ಓದಿ ಅವರು ಕೆಂಪಗಾದರು.

"ಇದೇನಮ್ಮ, ಮದುವೆ ಮನೇಲಿ ಅಳೋ ಹಾಗೆ! 'ಸಾಹಿತ್ಯೋತ್ಸವ: ಅದ್ದೂರಿ ಯಶಸ್ಸು' ಅಂತ ಹಾಕು. ಮೊದಲನೇ ಸಾಲಲ್ಲೇ ಆಡಳಿತ ಮಂಡಳಿ ಅಧ್ಯಕ್ಷರು, ಮುಖ್ಯ ಅತಿಥಿ, ದಾನಿಗಳು, ನಾನು, ಎಲ್ಲ ಬರಬೇಕು. ಕೊನೆಗೆ ಮಕ್ಕಳು ಕಥೆ ಓದಿದರು ಅಂತ ಸೇರಿಸು."

"ಓದಿಲ್ಲವಲ್ಲ ಸಾರ್."

"ಅಷ್ಟು ಯಾರು ನೋಡ್ತಾರೆ?"

"ನಮ್ಮಮ್ಮ ನೋಡಿದಾರೆ ಸಾರ್. ಅಲ್ಲೇ ಕೂತಿದ್ರು."

ನಾನು ಕೆಮ್ಮಿ, ಪಾಠ ಮಾಡುವವನ ಹಾಗೆ ಮಾತು ಸೇರಿಸಿದೆ. "ಸಾರ್, ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ ಅನ್ನೋದು ಚುಟುಕಾಗಿ ಬಂದರೆ ಸಾಕು. ಹೆಸರುಗಳ ಮೆರವಣಿಗೆ ಇಟ್ಟರೆ ಪೇಪರಿನವರು ಬುಟ್ಟಿಗೆ ಹಾಕ್ತಾರೆ."

"ಸರಿ, ಮುಖ್ಯ ಅತಿಥಿಗಳ ಮಾತಿನಿಂದಲೇ ಶುರು ಮಾಡಿ. ಹೆಸರುಗಳು ಕೆಳಗೆ ಬರಲಿ. ಒಂದೂ ಬಿಡಬಾರದು."

ಮೆಣಸು ಸುಮ್ಮನೆ ತಲೆಯಾಡಿಸಿದಳು. ಆ ಸುಮ್ಮನಿರುವಿಕೆ ನನಗೆ ಅನುಮಾನ ತರಿಸಬೇಕಿತ್ತು. ಸ್ವಲ್ಪ ಹೊತ್ತಿನಲ್ಲೇ ಹೊಸ ಪ್ರತಿ ಬಂತು.

'ಮಕ್ಕಳ ಮಾತು ಕೇಳಿ: ಎರಡೂವರೆ ಗಂಟೆ ಭಾಷಣ

ದೊಡ್ಡವರು ಮಕ್ಕಳ ಮಾತಿಗೆ ಕಿವಿಗೊಡಬೇಕು ಎಂದು ಶನಿವಾರ ಇಲ್ಲಿನ ಶಾಲಾ ಸಾಹಿತ್ಯೋತ್ಸವದಲ್ಲಿ ಮುಖ್ಯ ಅತಿಥಿ ಎರಡೂವರೆ ಗಂಟೆ ಮಾತನಾಡಿ ಕರೆ ನೀಡಿದರು. ಸಮಯದ ಅಭಾವದಿಂದ ಬಹುಮಾನಿತ ಮಕ್ಕಳ ಕಥಾವಾಚನ ನಡೆಯಲಿಲ್ಲ.'

ಅದರ ಕೆಳಗೆ ಅತಿಥಿಯ ಇನ್ನಷ್ಟು ನುಡಿಮುತ್ತುಗಳಿದ್ದವು. ತೀರಾ ಕೊನೆಯ ಪ್ಯಾರಾದಲ್ಲಿ ಹೆಸರುಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೂ ಬಿಟ್ಟಿರಲಿಲ್ಲ.

"ಈ ಕಥಾವಾಚನದ ಸಾಲು ಬೇಕಾ?"

"ಅತಿಥಿಗಳ ಮಾತು ಎಷ್ಟು ಮುಖ್ಯವಾಗಿತ್ತು ಅಂತ ಗೊತ್ತಾಗಲಿ ಅಂತ ಸಾರ್."

ಮುಖ್ಯೋಪಾಧ್ಯಾಯರು ಉಬ್ಬಿಹೋದರು. ಸಹಿ ಹಾಕಿ ತಾವೇ ಕಳಿಸಿದರು. ನಾನು ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡೆ. ಅಭಿಪ್ರಾಯದ ಒಂದು ಪದವೂ ಇಲ್ಲದ ಅಂಥ ವರದಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪೇಪರಿನಲ್ಲಿ ಜಾಗ ಕಡಿಮೆಯಾದರೆ ವರದಿಯನ್ನು ಬಾಲದ ಕಡೆಯಿಂದ ಕತ್ತರಿಸುತ್ತಾರೆ. ಮರುದಿನ ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಮಾತ್ರ ಅಚ್ಚಾಗಿದ್ದವು. ಅಧ್ಯಕ್ಷರಿಲ್ಲ, ದಾನಿಗಳಿಲ್ಲ, ನಮ್ಮ ಸಾಹೇಬರಂತೂ ಇಲ್ಲವೇ ಇಲ್ಲ. ಊರೆಲ್ಲ ನಕ್ಕಿತು. ನಗು ಯಾಕೆಂದು ತಿಳಿಯದವರು ಒಬ್ಬರೇ, ಮುಖ್ಯ ಅತಿಥಿ. ಅವರು ಫೋನು ಮಾಡಿ ಧನ್ಯವಾದ ಹೇಳಿ, ಮುಂದಿನ ವರ್ಷ ಮೂರು ಗಂಟೆ ಕೊಡಿ ಎಂದು ಕೇಳಿದರಂತೆ.

ಸೋಮವಾರ ನಮ್ಮಿಬ್ಬರಿಗೂ ಬುಲಾವ್ ಬಂತು. ಅಧ್ಯಕ್ಷರು ಬೆಳಿಗ್ಗೆಯೇ ಮುಖ್ಯೋಪಾಧ್ಯಾಯರ ನೀರಿಳಿಸಿದ್ದರು.

"ಏನಿದು ಅವಮಾನ?" ಮುಖ್ಯೋಪಾಧ್ಯಾಯರು ಪೇಪರಿನ ತುಣುಕನ್ನು ನಮ್ಮ ಮುಂದೆ ಎಸೆದರು.

"ಯಾವ ಸಾಲು ಸುಳ್ಳು ಸಾರ್?" ಮೆಣಸು ಕೇಳಿದಳು.

ಅವರು ಕನ್ನಡಕ ಸರಿಮಾಡಿಕೊಂಡು ಆ ತುಣುಕನ್ನು ಮೂರು ಸಲ ಓದಿದರು. ಸುಳ್ಳು ಸಿಗಲಿಲ್ಲ. ಕೊನೆಗೆ ದನಿ ತಗ್ಗಿಸಿದರು.

"ನೋಡಮ್ಮ, ಬುಧವಾರ ಕಥೆ ಓದಿಸ್ತೀನಿ. ಅಧ್ಯಕ್ಷರೂ ಬರ್ತಾರೆ. 'ಶಾಲೆಯಲ್ಲಿ ಮಕ್ಕಳ ಕಥಾವಾಚನ' ಅಂತ ಇನ್ನೊಂದು ವರದಿ ಬರೆದುಕೊಡು. ಅಧ್ಯಕ್ಷರ ಹೆಸರು ಮೊದಲ ಸಾಲಲ್ಲಿ."

"ಬರೀತೀನಿ ಸಾರ್. ಓದಿದ ಮೇಲೆ ಬರೀತೀನಿ. ಆದರೆ ಬುಧವಾರ ಆಗಲ್ಲ."

"ಯಾಕೆ?"

"ಬುಧವಾರ ಅಮ್ಮನಿಗೆ ಡ್ಯೂಟಿ ಇದೆ. ಮತ್ತೆ ಪಾಳಿ ಬದಲಿಸೋಕೆ ಆಗಲ್ಲ. ಅವರು ಕೇಳಿಸಿಕೊಳ್ಳದೆ ನಾನು ಓದಲ್ಲ."

ಅಧ್ಯಕ್ಷರನ್ನು ಹುಡುಗಿಯೊಬ್ಬಳ ಅಮ್ಮನಿಗಾಗಿ ಕಾಯಿಸುವುದೇ? ಮುಖ್ಯೋಪಾಧ್ಯಾಯರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ, ಸಹಾಯ ಮಾಡುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಅಷ್ಟರಲ್ಲಿ ಮೇಜಿನ ಮೇಲೆ ಮತ್ತೆ ಫೋನು ಬಡಿದುಕೊಂಡಿತು, ಅಧ್ಯಕ್ಷರದೇ.

ಫೋನಿಗೆ ಕೈಹಾಕುವ ಮೊದಲು ಮುಖ್ಯೋಪಾಧ್ಯಾಯರು ಪೆನ್ನು ತೆಗೆದು ಮೆಲ್ಲಗೆ ಕೇಳಿದರು, "ನಿಮ್ಮಮ್ಮಂಗೆ ಯಾವತ್ತು ರಜೆ, ಹೇಳಮ್ಮ."