‘ಕಳ್ಳರು’ ಅಂದ ಮೇಲೆ

ಮಣ್ಣೂರಿನಲ್ಲಿ ನಮ್ಮ ಪಕ್ಕದ ಮನೆಯ ಗುರುಬಾಯಿ ಹೊಲಿಗೆ ಮಷಿನ್ನಿಗೆ ಮೋಟರ್ ತರಿಸಿದ್ದಳು. ಪಾರ್ಸೆಲ್ ತಲುಪಿದೆಯೆಂದು ಫೋನಿಗೆ ಸಂದೇಶ ಬಂತು; ಪಾರ್ಸೆಲ್ ಮಾತ್ರ ಕಾಣಲಿಲ್ಲ. ಸಿಟ್ಟಿಗೆದ್ದು ಕಂಪನಿಯ ಚಾಟ್ ತೆರೆದು ಒಂದೇ ಮಾತು ಬರೆದಳು: ‘ಕಳ್ಳರು!’

ಅತ್ತಲಿಂದ ಯಂತ್ರ ನಮಸ್ಕಾರ ಹೇಳಿ ಆರ್ಡರ್ ನಂಬರ್ ಕೇಳಿತು. ಅದನ್ನು ಕೊಟ್ಟು ‘ಪಾರ್ಸೆಲ್ ಬಂದಿಲ್ಲ’ ಎಂಬುದನ್ನು ಒತ್ತಿದಳು. ದೂರು ದಾಖಲಾಯಿತು.

ಮರುದಿನ ಅವಳದೇ ದೇವರ ಮನೆಯ ಜಗಲಿಯ ಮೇಲೆ ವಿಭೂತಿ ಬಳಿದ ಪೆಟ್ಟಿಗೆ ಕಂಡಿತು.

“ಹೊಸ ಸಾಮಾನ ಸೋಮವಾರ ಪೂಜಿ ಆಗೂತನಕ ಬಿಚ್ಚಬಾರದು. ನೀ ನನ್ನ ಕೇಳಿದ್ಯೇನ್?” ಎಂದಳು ಅವಳ ಅತ್ತೆ ಹಣಮವ್ವ.

ಆ ಹೊತ್ತಿಗೇ ಪಾರ್ಸೆಲ್ ತಂದಿದ್ದ ಲಾಲಸಾಬ ಅಫಜಲಪುರದಿಂದ ಓಡಿ ಬಂದ. “ಅಕ್ಕಾರ, ನಿಮ್ಮ ದೂರಿಗೆ ಕಂಪನ್ಯಾವ್ರು ನನ್ನ ಕೆಲಸದ ಐಡಿ ಬಂದ್ ಮಾಡ್ಯಾರ್ರಿ. ಇವತ್ತಿಗೆ ತನಿಖಿ ಮುಗಿತದ. ಆಮ್ಯಾಲ ಕೆಲಸಾನೇ ಹೋಗ್ತದ.”

ಗುರುಬಾಯಿ ನನ್ನನ್ನು ಕರೆದು ಫೋನು ಕೊಟ್ಟಳು. “ಸುಮಿತ್ರಾ, ಚಲೋತ್ನಂಗ ಬರಿ.”

ಬರೆದೆ: ‘ಶರಣು. ನಿನ್ನೆ ಸಿಟ್ಟಿನಲ್ಲಿ ಕಳ್ಳರು ಅಂದೆ. ತಪ್ಪಾಯಿತು. ಪಾರ್ಸೆಲ್ ನಮ್ಮ ದೇವರ ಜಗಲಿಯ ಮೇಲೇ ಇತ್ತು. ತಂದುಕೊಟ್ಟವರದು ತಪ್ಪಿಲ್ಲ. ಗುರುಬಾಯಿ.’

ಯಂತ್ರ ‘ಅರ್ಥವಾಗಲಿಲ್ಲ’ ಅಂದಿತು. ‘ಸಿಬ್ಬಂದಿಯೊಂದಿಗೆ ಮಾತನಾಡಿ’ ಎಂಬುದನ್ನು ಒತ್ತಿದೆ. ಅಜ್ಜಿಯ ಕಥೆಯ ನರಿ ಗವಿಯ ಬಾಯಲ್ಲಿ ನಿಂತು ಕೂಗುತ್ತಿತ್ತಲ್ಲ, ಒಳಗೆ ಯಾರಿದ್ದಾರೆಂದು ತಿಳಿಯಲು, ಹಾಗೇ ಕಾದೆ.

ಸಿಬ್ಬಂದಿಯೊಬ್ಬರ ಉತ್ತರ ಬಂತು: ‘ಈ ಕ್ಷಮಾಪಣೆ ಬರೆಯಲು ಯಾರಾದರೂ ಒತ್ತಾಯಿಸಿದ್ದಾರೆಯೆ? ಪಾರ್ಸೆಲ್ ತಂದವರು ಈಗ ನಿಮ್ಮ ಬಳಿ ಇದ್ದಾರೆಯೆ?’

ನಾವೆಲ್ಲ ಲಾಲಸಾಬನ ಮುಖ ನೋಡಿದೆವು. ಅವನ ಒತ್ತಾಯಕ್ಕೇ ಬರೆಯುತ್ತಿದ್ದೇವೇನೋ ಎಂದು ನನಗೂ ಅನುಮಾನ ಸುಳಿಯಿತು.

“ಇಲ್ಲ ಅಂತ ಬರಿ,” ಎಂದಳು ಗುರುಬಾಯಿ.

“ಬ್ಯಾಡ್ರಿ ಅಕ್ಕಾರ,” ಎಂದ ಲಾಲಸಾಬ. “ಸುಳ್ಳು ಸಿಕ್ರ ನಾ ಪೂರಾ ಕಳ್ಳ ಆಗ್ತೇನಿ.”

‘ಇದ್ದಾರೆ. ಒತ್ತಾಯ ಮಾಡಿಲ್ಲ’ ಎಂದು ಬರೆದೆ. ಲೇಬಲ್ ಕಾಣುವಂತೆ ಪೆಟ್ಟಿಗೆಯ ಫೋಟೊ ಕೇಳಿದರು. ಕಳಿಸಿದೆ. ನಂಬರಿನ ಮೇಲೆಲ್ಲ ವಿಭೂತಿ! ಒರೆಸಲು ಹಣಮವ್ವ ಬಿಡಲಿಲ್ಲ.

‘ನಂಬರ್ ಕಾಣುತ್ತಿಲ್ಲ. ಪಾರ್ಸೆಲ್ ಪಡೆಯುವಾಗ ಒಟಿಪಿ ಯಾರು ಹೇಳಿದರು?’

ಲಾಲಸಾಬ ಬಾಗಿ ಫೋನು ನೋಡಿದ. “ಅಕ್ಕಾರ ಫೋನಿನಾಗ ನಾನೇ ಓದ್ಕೊಂಡೆ. ಹಂಗ ಮಾಡಬಾರದು.”

ಹಣಮವ್ವ ಫೋನು ಕಸಿದುಕೊಂಡಳು. “ನನ್ನ ದನಿ ಹ್ಯಾಂಗ ಕಳಸೂದು?” ಮೈಕಿನ ಗುರುತನ್ನು ಒತ್ತಿ ಹಿಡಿದೆ. “ಏ ತಮ್ಮಾ, ನನಗ ಓದಾಕ ಬರಂಗಿಲ್ಲ. ಚಾರ್ಜಿಗಿಟ್ಟ ಸೊಸಿ ಫೋನ ನಾನೇ ಕೊಟ್ಟು ಓದ್ಕೊ ಅಂದೇನಿ. ಪೆಟಗಿ ಒಳಗಿಟ್ಟಾಕಿ ನಾನು. ಅವನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ.”

ಅತ್ತ ಕೇಳಿದರೆಂಬ ನೀಲಿ ಗುರುತು ಬಿತ್ತು. ಆಮೇಲೆ: ‘ದೂರು ಹಿಂಪಡೆಯಲಾಗಿದೆ. ಅವರಿಗೆ ಎಚ್ಚರಿಕೆ ಕೊಟ್ಟು ಐಡಿ ತೆರೆಯುತ್ತೇವೆ.’

ಲಾಲಸಾಬ ಹೊರಡಲು ಎದ್ದ. ಗುರುಬಾಯಿಯ ಕಣ್ಣು ಮಾತ್ರ ಪೆಟ್ಟಿಗೆಯ ಮೇಲೇ ಇತ್ತು.

“ಸೋಮವಾರ ಬಿಚ್ಚಿದಾಗ ಒಳಗ ಮೋಟರ್ ಬದಲಿ ಇಟ್ಟಂಗಿ ಕಲ್ಲ ಇದ್ರ?”

“ಆಗ ಜರೂರ ಬೈರಿ,” ಎಂದ ಲಾಲಸಾಬ, ಚಪ್ಪಲಿ ಹುಡುಕುತ್ತ. “ಮದಲ ಅವ್ವಾರನ್ನ ಕೇಳಿ ಬೈರಿ.”