ಏಳಕ್ಕ ಬರ್ತೀನಿ, ಆರಕ್ಕಲ್ಲ

ಶುಕ್ರವಾರ ಸಂಜೆ ಹರಿಣಿಯ ಮೊಬೈಲಿಗೆ ಆಫೀಸಿನಿಂದ ಒಂದೇ ಸಾಲಿನ ಮೆಸೇಜು ಬಂತು: ಒಂದನೇ ತಾರೀಕಿನಿಂದ ಹತ್ತಕ್ಕಲ್ಲ, ಎಂಟಕ್ಕೆ ಬರಬೇಕು. ಕಾರಣ ಇರಲಿಲ್ಲ.

ಆಫೀಸು ವಿಕ್ರೋಳಿಯಲ್ಲಿ, ಮನೆ ಚೆಂಬೂರಿನಲ್ಲಿ; ಅರ್ಧ ಗಂಟೆಯ ದಾರಿ. ಮೊಣಕಾಲಿನ ಆಪರೇಶನ್ ಆಗಿದ್ದ ಅತ್ತೆ ಅಕ್ಕುವಿಗೆ ಸ್ನಾನ ಮಾಡಿಸಲು ಇಬ್ಬರು ಬೇಕು. ಹರಿಣಿಯ ಜೊತೆ ಕೈಜೋಡಿಸುವವಳು ಎಂಟಕ್ಕೆ ಬರುವ ಕೆಲಸದ ಸುಂದ್ರವ್ವ.

"ಒಂದನೇ ತಾರೀಕಿನಿಂದ ಆರಕ್ಕೆ ಬಾ ಅಂತ ಫೋನಲ್ಲಿ ಹೇಳಿಬಿಡು. ಕೆಲಸದವರಿಗೆ ಕಾರಣ ಯಾಕೆ?" ಎಂದರು ಅಕ್ಕು.

"ಆಫೀಸಿನವರು ನನಗೆ ಹಾಗೆ ಹೇಳಿದ್ದಕ್ಕೇ ಮೈ ಉರಿಯುತ್ತಿದೆ ಅತ್ತೆ. ನಾನು ಅವರಿಗೆ ಹಾಗೆ ಹೇಳುವುದಿಲ್ಲ."

ಮರುದಿನ ಕೆಲಸ ಮುಗಿದ ಮೇಲೆ ಹರಿಣಿ ಸುಂದ್ರವ್ವನಿಗೆ ಕುರ್ಚಿ ಎಳೆದು, ಚಹಾ ಕೊಟ್ಟಳು.

"ಸುಂದ್ರವ್ವ, ನನ್ನ ಆಫೀಸಿನ ಟೈಮು ಬದಲಾಗಿದೆ, ಎಂಟಕ್ಕೆ ಅಲ್ಲಿರಬೇಕಂತೆ. ನಾನು ಹೊರಡುವ ಮೊದಲೇ ಅತ್ತೆಯ ಸ್ನಾನ ಆಗಬೇಕು. ಒಂದನೇ ತಾರೀಕಿನಿಂದ ನೀವು ಬೆಳಿಗ್ಗೆ ಎಂಟರ ಬದಲು ಆರಕ್ಕೆ ಬಂದು, ಏಳೂವರೆಗೆ ಹೋಗಬಹುದಾ? ಕೆಲಸ ಅಷ್ಟೇ, ಹೆಚ್ಚಿಲ್ಲ. ಆಗದಿದ್ದರೆ ಈಗಲೇ ಹೇಳಿ."

ಸುಂದ್ರವ್ವ ಲೋಟ ಕೆಳಗಿಟ್ಟಳು. "ಆಗೂದಿಲ್ರಿ. ಆರಕ್ಕ ನಮ್ಮ ಚಾಳ್ನ್ಯಾಗಿನ ನಳಕ್ಕ ನೀರು ಬರ್ತಾವ. ನಾ ತುಂಬಲಿಲ್ಲಂದ್ರ ಮನ್ಯಾಗ ದಿನಪೂರ್ತಿ ನೀರಿಲ್ಲ. ಏಳಕ್ಕ ಬರ್ತೀನಿ, ಅದಕ್ಕಿಂತ ಮುಂಚೆ ಒಂದು ನಿಮಿಷಾನೂ ಬರೂದಿಲ್ಲ. ಬೇಕಂದ್ರ ಬ್ಯಾರೇದಾಕಿನ್ನ ನೋಡ್ರಿ."

"ನೋಡಿದೆಯಾ? ಕುರ್ಚಿ ಕೊಟ್ಟೆ, ತಲೆ ಮೇಲೆ ಕೂತಳು!" ಒಳಗಿನಿಂದ ಅಕ್ಕುವಿನ ಧ್ವನಿ.

ಹರಿಣಿಗೆ ಸಿಟ್ಟು ಬರಲಿಲ್ಲ. ಆಗದು ಅನ್ನುವುದನ್ನು ಹೀಗೂ ಹೇಳಬಹುದಲ್ಲ, ಕಾರಣದ ಜೊತೆ, ಕಣ್ಣಲ್ಲಿ ಕಣ್ಣಿಟ್ಟು!

"ಸರಿ. ಏಳಕ್ಕೇ ಬನ್ನಿ. ಉಳಿದದ್ದು ನಾನು ಆಫೀಸಿನಲ್ಲಿ ನೋಡಿಕೊಳ್ಳುತ್ತೇನೆ."

ಸೋಮವಾರ ಅವಳು ನೇರ ಮ್ಯಾನೇಜರ್ ತಿಲಕ್ ಕ್ಯಾಬಿನ್ನಿಗೆ ಹೋದಳು.

"ಎಂಟಕ್ಕೆ ಬರಲಾಗುವುದಿಲ್ಲ ಸರ್. ಮೊಣಕಾಲಿನ ಆಪರೇಶನ್ ಆದ ಅತ್ತೆಗೆ ಸ್ನಾನ ಮಾಡಿಸಿ ಬರಬೇಕು. ಒಂಬತ್ತಕ್ಕೆ ಬರುತ್ತೇನೆ, ಸಂಜೆ ಒಂದು ಗಂಟೆ ಹೆಚ್ಚು ಇರುತ್ತೇನೆ."

"ಎಲ್ಲರಿಗೂ ಮೆಸೇಜ್ ಹೋಗಿದೆಯಲ್ಲಮ್ಮ."

"ಹೋಗಿದೆ. ನಮ್ಮ ಮನೆಗೆಲಸದವರ ಟೈಮು ಬದಲಿಸುವಾಗ ನಾನು ಕೂರಿಸಿ, ಕಾರಣ ಹೇಳಿ, ಅವರಿಗೆ ಆಗುತ್ತದಾ ಅಂತ ಕೇಳಿದೆ. ನಮ್ಮನ್ನು ಯಾರೂ ಕೇಳಲಿಲ್ಲ."

ಎಂಟು ಗಂಟೆಗೆ ವಿದೇಶದ ಗ್ರಾಹಕರ ಫೋನು ಬರುವುದೇ ಕಾರಣ ಎಂದು ತಿಲಕ್ ಆಗ ಬಾಯಿಬಿಟ್ಟ. ಕೊನೆಗೆ, "ಆ ಫೋನು ಬೇರೆಯವರು ನೋಡಲಿ. ಒಂಬತ್ತಕ್ಕೆ ಬನ್ನಿ. ಒಂದು ತಿಂಗಳು ನೋಡೋಣ," ಎಂದ.

ಹೊಸ ಟೈಮು ಶುರುವಾದ ವಾರದಲ್ಲೇ, ಸ್ನಾನಕ್ಕೆ ಹೆಗಲು ಕೊಟ್ಟಿದ್ದ ಸುಂದ್ರವ್ವನಿಗೆ ಅಕ್ಕು ಹೇಳಿದರು: "ಶುಕ್ರವಾರ ಸಂಜೆಯೂ ಬಾ."

"ಯಾಕ್ರಿ?"

ಅಕ್ಕುವಿನ ಮುಖ ಕೆಂಪಾಯಿತು. ಸೊಸೆಯತ್ತ ನೋಡಿದರು. ಹರಿಣಿ ಟವೆಲು ಹಿಂಡುತ್ತಿದ್ದಳು.

"ಪೂಜೆ ಇದೆ. ಹತ್ತು ಜನ ಬರ್ತಾರೆ. ನಾಲ್ಕಕ್ಕೆ ಬಂದು ಆರಕ್ಕೆ ಹೋಗು," ಎಂದರು ಅಕ್ಕು, ಒಂದೊಂದೇ ಮಾತು ಕಿತ್ತು ಕೊಟ್ಟ ಹಾಗೆ.

"ಐದಕ್ಕ ಇನ್ನೊಂದು ಮನಿ ಐತ್ರಿ. ಮೂರಕ್ಕ ಬಂದು ಐದಕ್ಕ ಹೋಗ್ತೀನಿ. ನಡೀತೈತಿ?"

"ನಡೀತದೆ ಮಾರಾಯ್ತಿ," ಎಂದರು ಅಕ್ಕು.